ಹೇಳಿ ಹೋಗದವರಿಗೆ ಬರೆದ ಕಾಗದಗಳು

ಸಾವಿನ ಮನೆಗೆ ಮಾತನಾಡಿಸಲು ಬಂದವರು ಹೊರಡುವಾಗ ಹೇಳಿ ಹೋಗುವುದಿಲ್ಲ. ಮನೆಯವರೂ ಬಾಗಿಲವರೆಗೆ ಬಂದು ‘ಹೋಗಿ ಬನ್ನಿ’ ಎನ್ನುವುದಿಲ್ಲ. ಬಂದವರಿಗೆ ಕುಂಕುಮವಿಲ್ಲ, ತಾಂಬೂಲವಿಲ್ಲ, ನಮಸ್ಕಾರ ಪ್ರತಿನಮಸ್ಕಾರಗಳಿಲ್ಲ. ಎದ್ದವರು ಎದ್ದಂತೆಯೇ ಚಪ್ಪಲಿ ಮೆಟ್ಟಿಕೊಂಡು ಹೊರಟುಬಿಡುತ್ತಾರೆ. ಇಂಥ ಕಾರಣಕ್ಕಾಗಿ ಈ ಮನೆಗೆ ಮತ್ತೆ ಬರುವಂತಾಗದಿರಲಿ ಎಂಬ ಹಾರೈಕೆ ಆ ಮೌನದಲ್ಲಿದೆಯೆಂದು ನಮ್ಮ ಹಿರಿಯರು ಹೇಳುತ್ತಿದ್ದರು. ಆ ಮಾತನ್ನು ನಾನು ಗೌರವದಿಂದಲೇ ಸ್ವೀಕರಿಸಿದ್ದೇನೆ. ಆದರೆ ಈ ಆಚಾರದ ಫಲವಾಗಿ ಉಪಕಾರವನ್ನು ಪಡೆದವನು ಉಪಕಾರ ಮಾಡಿದವನ ಮುಖವನ್ನು ನೋಡಿ ಎರಡು ಮಾತಾಡುವ ಗಳಿಗೆಯೇ ಆ ಹದಿಮೂರು ದಿನಗಳಲ್ಲಿ ಒದಗದೆ ಹೋಗುತ್ತದೆ. ಆ ದಿನಗಳು ಕಳೆದ ಮೇಲೆ ಯಾರು ಬಂದರು, ಯಾರು ಏನು ಮಾಡಿದರು ಎಂಬುದು, ಶೋಕದಿಂದ ಮಂಕಾದ ಮನಸ್ಸಿನಲ್ಲಿ, ಅರ್ಧ ಅಳಿಸಿಹೋಗಿರುತ್ತದೆ.

1974ರ ಆಷಾಢದಲ್ಲಿ ನಮ್ಮ ತಂದೆಯವರು ಭದ್ರಾವತಿಯ ಹಳೇನಗರದ ಮನೆಯಲ್ಲಿ ತೀರಿಕೊಂಡರು. ಮುಂದೆ ವಿಶ್ವೇಶ್ವರಯ್ಯನವರ ಹೆಸರನ್ನು ಧರಿಸಿದ ಕಬ್ಬಿಣದ ಕಾರ್ಖಾನೆಯಲ್ಲಿ ಅವರು ತಮ್ಮ ಆಯುಷ್ಯದ ಬಹುಭಾಗವನ್ನು ಸವೆಸಿದ್ದರು. ನಾನು ಆಗ ಶಿವಮೊಗ್ಗದ ಒಂದು ಕಾಲೇಜಿನಲ್ಲಿ ಅಧ್ಯಾಪಕನಾಗಿದ್ದು, ದುರ್ಗಿಗುಡಿಯಲ್ಲಿ ಬಾಡಿಗೆಯ ಮನೆ ಮಾಡಿಕೊಂಡಿದ್ದೆ. ಬೆಳಗಿನ ಮೊದಲನೆಯ ಬಸ್ಸಿನ ಕಂಡಕ್ಟರರು, ನಮ್ಮ ಬೀದಿಯ ಯಾರೋ ಕೈಗೆ ಕೊಟ್ಟಿದ್ದ ಚೀಟಿಯನ್ನು ಹಿಡಿದು, ಬಸ್ಸನ್ನು ನಿಲ್ದಾಣದಲ್ಲಿ ಬಿಟ್ಟು, ಮಳೆಯಲ್ಲಿ ನೆನೆಯುತ್ತ ನನ್ನ ಮನೆಯ ಬಾಗಿಲಿಗೆ ಬಂದರು. ಚೀಟಿಯನ್ನು ಕೊಟ್ಟು, ‘ಇದೇ ಬಸ್ಸಿನಲ್ಲಿ ವಾಪಸು ಹೊರಡಿ, ನಿಮಗಾಗಿ ಸೀಟು ಇಟ್ಟಿರುತ್ತೇನೆ’ ಎಂದಷ್ಟೇ ಹೇಳಿ ತಿರುಗಿದರು. ಎರಡು ಊರುಗಳ ನಡುವಿನ ಆ ಅಲ್ಪ ದಾರಿಯಲ್ಲಿ ಅವರು ನನ್ನಿಂದ ಟಿಕೆಟಿನ ಹಣವನ್ನು ಕೇಳಲಿಲ್ಲ. ತಮ್ಮ ಜೇಬಿನಿಂದ ತೆತ್ತರೆಂದು ಬಹುಕಾಲದ ಮೇಲೆ ತಿಳಿಯಿತು. ನಾನು ಬರೆಯಬೇಕಾಗಿದ್ದ ಕಾಗದಗಳಲ್ಲಿ ಮೊದಲನೆಯದು ಅವರಿಗೆ.

ಆ ಕಾಲದಲ್ಲಿ ಕೆಲವು ಮನೆಗಳವರು ವೈಕುಂಠ ಸಮಾರಾಧನೆಯ ತರುವಾಯ ಒಂದು ಅಚ್ಚಿನ ಕಾರ್ಡನ್ನು ಕಳುಹಿಸುತ್ತಿದ್ದರು. ‘ನಮ್ಮ ದುಃಖದಲ್ಲಿ ಭಾಗಿಗಳಾಗಿ ಸಹಾಯ ಮಾಡಿದ ಸಮಸ್ತ ಬಂಧುಮಿತ್ರರಿಗೂ ನೆರೆಹೊರೆಯವರಿಗೂ ಸಹೋದ್ಯೋಗಿಗಳಿಗೂ ಕೃತಜ್ಞತೆಗಳು’ ಎಂಬ ಧಾಟಿಯಲ್ಲಿ ಅದು ಇರುತ್ತಿತ್ತು. ನನಗೂ ಅಂಥವು ಬಂದಿದ್ದವು. ಕಳುಹಿಸಿದವರ ಸದ್ಭಾವದಲ್ಲಿ ಸಂದೇಹವಿಲ್ಲ; ಆದರೆ ರಾತ್ರಿಯೆಲ್ಲ ಹೆಣದ ಬಳಿ ಕುಳಿತವನಿಗೂ, ಹತ್ತನೆಯ ದಿನ ಬಂದು ಹತ್ತು ನಿಮಿಷ ಕುಳಿತು ಹೋದವನಿಗೂ ಒಂದೇ ವಾಕ್ಯವು ತಲುಪಿದಾಗ ಮೊದಲನೆಯವನ ಮನಸ್ಸಿನಲ್ಲಿ ಏನೋ ಒಂದು ಕುಂದುತ್ತದೆ. ಅವನು ಪ್ರತಿಫಲವನ್ನು ಬಯಸಿದವನಲ್ಲ. ತಾನು ಮಾಡಿದುದು ಅವರಿಗೆ ತಿಳಿದಿದೆಯೇ ಎಂಬುದಷ್ಟೇ ಅವನ ಅಪೇಕ್ಷೆ. ಸಮಸ್ತರಿಗೆ ಸಲ್ಲಿಸಿದ ವಂದನೆಯಲ್ಲಿ ಆ ಅರಿವು ಕಾಣುವುದಿಲ್ಲ. ಆದಕಾರಣ ಒಬ್ಬೊಬ್ಬರಿಗೂ ಅವರವರು ಮಾಡಿದುದನ್ನು ಹೆಸರಿಸಿ ನನ್ನ ಕೈಬರಹದಲ್ಲಿಯೇ ಬರೆಯಬೇಕೆಂದು ನಿಶ್ಚಯಿಸಿದೆ. ಆದರೆ ಹೆಸರಿಸಬೇಕಾದರೆ ತಿಳಿದಿರಬೇಕಷ್ಟೆ. ಕರ್ತೃವಾದ ಹಿರಿಯ ಮಗನಿಗೆ ಆ ದಿನಗಳಲ್ಲಿ ತನ್ನ ಸುತ್ತ ನಡೆಯುವುದರ ಪರಿಜ್ಞಾನ ಅತ್ಯಲ್ಪ. ಪುರೋಹಿತರು ಎಳ್ಳು ಎಂದಾಗ ಎಳ್ಳು, ನೀರು ಎಂದಾಗ ನೀರು, ಇಷ್ಟರಲ್ಲೇ ಅವನ ಪ್ರಪಂಚ ಮುಗಿದಿರುತ್ತದೆ.

ನನ್ನ ನೆರವಿಗೆ ಬಂದುದು ನಮ್ಮ ಚಿಕ್ಕಪ್ಪನವರ ಲೆಕ್ಕದ ಪುಸ್ತಕ. ಅವರು ಹಳ್ಳಿಯಲ್ಲಿ ಶಾನುಭೋಗಿಕೆ ಮಾಡಿದವರು. ಮನೆಯಲ್ಲಿ ಮದುವೆಯಾಗಲಿ, ಸಾವಾಗಲಿ, ಬಂದ ತಕ್ಷಣ ಒಂದು ಉದ್ದನೆಯ ಪುಸ್ತಕವನ್ನು ತೆರೆದು ಜಮೆ ಖರ್ಚು ಬರೆಯುವುದು ಅವರಿಗೆ ಎರಡನೆಯ ಸ್ವಭಾವವಾಗಿತ್ತು. ಹದಿಮೂರನೆಯ ದಿನ ಶುಭಸ್ವೀಕಾರವಾದ ಮರುದಿನ ಅವರು ಆ ಪುಸ್ತಕವನ್ನು ನನ್ನ ಮುಂದೆ ಇಟ್ಟರು. ಮುತ್ತುಗದ ಎಲೆ, ಅಕ್ಕಿ, ಬೆಲ್ಲ, ಎಳ್ಳು, ದರ್ಭೆ, ದಾನದ ಪದಾರ್ಥಗಳು, ಪುರೋಹಿತರ ದಕ್ಷಿಣೆ, ಎಲ್ಲವೂ ಕಾಸಿನ ಮಟ್ಟಿಗೆ ಅದರಲ್ಲಿತ್ತು. ಆದರೆ ಓದುತ್ತ ಹೋದಂತೆ ಇದ್ದುದಕ್ಕಿಂತ ಇಲ್ಲದುದು ನನ್ನ ಕಣ್ಣನ್ನು ಹಿಡಿಯತೊಡಗಿತು. ಮೊದಲ ಮೂರು ದಿನಗಳಲ್ಲಿ ಅಕ್ಕಿಗೆ ಖರ್ಚಿಲ್ಲ, ಹಾಲಿಗೆ ಖರ್ಚಿಲ್ಲ. ಮನೆಯ ತುಂಬ ಜನ; ಅವರೆಲ್ಲ ಉಂಡಿದ್ದರು, ಮಕ್ಕಳು ಹಾಲು ಕುಡಿದಿದ್ದವು. ಚಟ್ಟಕ್ಕೆ ಬೇಕಾದ ಬಿದಿರಿಗೂ ತೆಂಗಿನ ಗರಿಗೂ ಲೆಕ್ಕವಿಲ್ಲ. ಸೌದೆಯ ಎದುರಿಗೆ ಮಾತ್ರ ಚಿಕ್ಕಪ್ಪನವರ ದುಂಡು ಅಕ್ಷರದಲ್ಲಿ ‘ರೂ. 1–00’ ಎಂದು ಬರೆದಿತ್ತು. ಹಣ ಕೊಟ್ಟು ತಂದ ಪ್ರತಿಯೊಂದು ವಸ್ತುವೂ ಪುಸ್ತಕದಲ್ಲಿ ತನ್ನ ಗುರುತನ್ನು ಉಳಿಸಿತ್ತು. ಪ್ರೀತಿಯಿಂದ ಬಂದುದು ಯಾವ ಗುರುತನ್ನೂ ಉಳಿಸಿರಲಿಲ್ಲ. ಲೆಕ್ಕದಲ್ಲಿ ಎಲ್ಲೆಲ್ಲಿ ಖಾಲಿ ಬಿದ್ದಿದೆಯೋ ಅಲ್ಲಲ್ಲಿ ಯಾರೋ ಒಬ್ಬರು ನಿಂತಿದ್ದರು. ಆ ಖಾಲಿಗಳನ್ನೇ ಒಂದೊಂದಾಗಿ ಹಿಡಿದು, ಅಮ್ಮನನ್ನೂ ಸೋದರಮಾವನವರನ್ನೂ ಕೇಳುತ್ತ, ಕಾಗದ ಬರೆಯಬೇಕಾದವರ ಪಟ್ಟಿಯನ್ನು ಮಾಡಿದೆ.

ಸೌದೆಯ ಒಂದು ರೂಪಾಯಿಯ ಕಥೆಯನ್ನು ಸ್ವಲ್ಪ ವಿಸ್ತಾರವಾಗಿಯೇ ಹೇಳಬೇಕು. ಮಲೆನಾಡಿನ ಸೆರಗಿನ ಊರಿನಲ್ಲಿ ಆಷಾಢದ ಮಳೆಯ ನಡುವೆ ಒಂದು ದೇಹವನ್ನು ದಹಿಸುವುದೆಂದರೆ ಏನೆಂಬುದು ವಿದ್ಯುತ್ ಚಿತಾಗಾರಗಳ ಕಾಲದವರಿಗೆ ಊಹಿಸಲಾಗದು. ಒಂದು ಚಿತೆಗೆ ಸಾಧಾರಣವಾಗಿ ನಾಲ್ಕೈದು ಕ್ವಿಂಟಾಲ್ ಸೌದೆ ಬೇಕು. ಸೌದೆ ಹಸಿಯಾಗಿದ್ದರೆ ಇನ್ನಷ್ಟು ಬೇಕಾಗುವುದಲ್ಲದೆ, ಎಷ್ಟು ಒಟ್ಟಿದರೂ ಅದರ ಕಾವಿನ ದೊಡ್ಡ ಪಾಲು ತನ್ನೊಳಗಿನ ನೀರನ್ನು ಆವಿ ಮಾಡುವುದರಲ್ಲೇ ವ್ಯಯವಾಗುತ್ತದೆ. ಹಸಿ ಸೌದೆಯ ಚಿತೆ ಉರಿಯುವುದಿಲ್ಲ, ಬೇಯುತ್ತದೆ. ದಟ್ಟವಾದ ಬಿಳಿಯ ಹೊಗೆ ಏಳುತ್ತದೆ, ಕೊರಡುಗಳ ತುದಿಯಲ್ಲಿ ನೊರೆ ಉಕ್ಕಿ ಸುಂಯ್ ಎಂದು ಸದ್ದು ಬರುತ್ತದೆ. ಸೀಮೆಎಣ್ಣೆಯನ್ನು ಸುರಿದರೆ ಮೇಲೆ ಒಂದು ಗಳಿಗೆ ಜ್ವಾಲೆ ಎದ್ದು ಆರುತ್ತದೆ. ಅರ್ಧಕ್ಕೆ ನಿಂತ ಚಿತೆಯ ಮುಂದೆ ನಿಲ್ಲಬೇಕಾದ ಮಗನ ದುಃಖಕ್ಕೆ ಸಾಟಿಯಾದ ದುಃಖ ಇನ್ನೊಂದಿಲ್ಲ.

ತಂದೆಯವರು ಕಾರ್ಖಾನೆಗೆ ಸೇರಿದ ಹೊಸದರಲ್ಲಿ ಸೌದೆಯ ಅಂಗಳದಲ್ಲಿ ಕೆಲಸ ಮಾಡಿದವರು. 1923ರಲ್ಲಿ ಕಬ್ಬಿಣವನ್ನು ಕರಗಿಸಲಾರಂಭಿಸಿದ ಆ ಕಾರ್ಖಾನೆಯ ಕುಲುಮೆಗೆ ಮೊದಲು ಕಲ್ಲಿದ್ದಲಲ್ಲ, ಮಲೆನಾಡಿನ ಕಾಡಿನ ಸೌದೆಯಿಂದ ಮಾಡಿದ ಇದ್ದಿಲೇ ಆಹಾರವಾಗಿತ್ತು. ಬಂದ ಸೌದೆಯನ್ನು ತೂಗಿ, ಹಸಿ ಒಣದೆಂದು ವಿಂಗಡಿಸುವುದು ತಂದೆಯವರ ಮೊದಲ ವರ್ಷಗಳ ಉದ್ಯೋಗ. ಅವರೊಡನೆ ಅದೇ ಅಂಗಳದಲ್ಲಿ ದುಡಿದು ನಿವೃತ್ತರಾಗಿದ್ದ ಇಬ್ಬರು ಮುದುಕರು ಆ ದಿನ ಸುದ್ದಿ ತಿಳಿದೊಡನೆ, ನಮ್ಮ ಮನೆಗೆ ಬರುವ ಮುಂಚೆಯೇ, ಸ್ಮಶಾನದ ಬಳಿಯ ಡಿಪೋಗೆ ಹೋಗಿ ನೋಡಿದರಂತೆ. ಅಲ್ಲಿದ್ದುದೆಲ್ಲ ಮಳೆಯಲ್ಲಿ ತೊಯ್ದುಹೋಗಿತ್ತು. ಒಣಗಿದ ಎರಡು ಕೊರಡುಗಳನ್ನು ಒಂದಕ್ಕೊಂದು ಬಡಿದರೆ ಕಣಕಣ ನಾದ ಬರಬೇಕು, ಕಡಿದ ತುದಿಯಲ್ಲಿ ನಡುವಿನಿಂದ ಹೊರಕ್ಕೆ ಬಿರುಕುಗಳು ಒಡೆದಿರಬೇಕು, ತೊಗಟೆ ಬೆರಳಿಗೆ ಸಿಕ್ಕಿ ಕಳಚಿ ಬರಬೇಕು. ಬಡಿದಾಗ ಮಂದವಾದ ಸದ್ದು ಬಂದರೆ ಒಳಗೆ ನೀರಿದೆಯೆಂದೇ ಅರ್ಥ. ಇದು ತಂದೆಯವರು ಅವರಿಗೂ, ಅವರು ತಂದೆಯವರಿಗೂ ಹೇಳಿಕೊಟ್ಟ ವಿದ್ಯೆ. ಆ ಇಬ್ಬರೂ ಅಲ್ಲಿಂದ ನೇರವಾಗಿ ಒಂದು ಸಾಮಿಲ್ಲಿಗೆ ಹೋದರು. ಅದರ ಒಡೆಯರಾದ ಸಾಹೇಬರ ಷೆಡ್ಡಿನೊಳಗೆ, ತಗಡಿನ ಮಾಡಿನ ಕೆಳಗೆ, ಬೇಸಗೆಯಲ್ಲೇ ಸೀಳಿ ಒಟ್ಟಿದ್ದ ಮಾವಿನ ಸೌದೆಯಿತ್ತು; ಅವರ ಮನೆಯ ಮಳೆಗಾಲದ ಒಲೆಗೆಂದು ಇಟ್ಟುಕೊಂಡದ್ದು. ಸಾಹೇಬರು ಒಂದು ಮಾತನ್ನೂ ಕೇಳದೆ ಅದನ್ನೆಲ್ಲ ಎತ್ತಿನ ಗಾಡಿಗೆ ಹೇರಿಸಿ, ಮೇಲೆ ಟಾರ್ಪಾಲಿನ್ ಹೊದಿಸಿ ಕಳುಹಿಸಿಕೊಟ್ಟರು.

ಚಿಕ್ಕಪ್ಪನವರು ಸೌದೆಯ ಬೆಲೆಯನ್ನು ಕೊಡಲು ಹೋದಾಗ ಅವರು ತೆಗೆದುಕೊಳ್ಳಲಿಲ್ಲ. ಚಿತೆಯ ಸೌದೆಯನ್ನು ಋಣವಾಗಿ ಉಳಿಸಿಕೊಳ್ಳಬಾರದೆಂಬ ನಂಬಿಕೆ ನಮ್ಮ ಮನೆಯಲ್ಲಿ ಇತ್ತು. ಚಿಕ್ಕಪ್ಪನವರು ಅದನ್ನು ಸಂಕೋಚದಿಂದ ವಿವರಿಸಿದರು. ಸಾಹೇಬರು ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಹಾಗಾದರೆ ನಿಮ್ಮ ಶಾಸ್ತ್ರಕ್ಕೆ ಎಷ್ಟು ಬೇಕೋ ಅಷ್ಟು ಕೊಡಿ ಸ್ವಾಮಿ, ನನ್ನ ಸಮಾಧಾನಕ್ಕೆ ಉಳಿದದ್ದು ಬಿಡಿ’ ಎಂದು ಒಂದು ರೂಪಾಯಿಯನ್ನು ತೆಗೆದುಕೊಂಡರಂತೆ. ಇಬ್ಬರ ಮರ್ಯಾದೆಯೂ ಉಳಿಯಿತು. ಸ್ಮಶಾನದಲ್ಲಿ ಆ ಇಬ್ಬರು ಮುದುಕರೇ ಮುಂದೆ ನಿಂತು, ಕೆಳಗೆ ದಪ್ಪ ಕೊರಡುಗಳನ್ನು ಅಡ್ಡಡ್ಡಲಾಗಿ ಇಡಿಸಿ, ಗಾಳಿಯಾಡಲು ನಡುವೆ ಸಂದು ಬಿಡಿಸಿ, ಬೆರಣಿಯನ್ನೂ ಸಣ್ಣ ಸೀಳುಗಳನ್ನೂ ಒಳಗೆ ತುಂಬಿಸಿದರು. ಮೇಲೆ ಸೂರು ಇರಲಿಲ್ಲ; ಬೀದಿಯ ಹುಡುಗರು ಎಲ್ಲಿಂದಲೋ ತಗಡುಗಳನ್ನು ತಂದು, ಉರಿ ಹತ್ತಿ ಕಾವು ಏರುವ ತನಕ, ತಮ್ಮ ತಲೆಯ ಮೇಲೆ ಸುರಿಯುತ್ತಿದ್ದ ಮಳೆಯನ್ನು ಲೆಕ್ಕಿಸದೆ ಎತ್ತಿ ಹಿಡಿದು ನಿಂತರು. ಒಮ್ಮೆ ಒಳಗೆ ಕೆಂಡ ಕಟ್ಟಿತೆಂದರೆ ಮೇಲಿನ ಮಳೆ ಅದನ್ನು ಆರಿಸಲಾರದು ಎಂದು ಒಬ್ಬ ಮುದುಕರು ನನ್ನ ಕಿವಿಯ ಬಳಿ ಹೇಳಿದುದು ಮಾತ್ರ ನನಗೆ ಸ್ಪಷ್ಟವಾಗಿ ನೆನಪಿದೆ. ತಂದೆಯವರ ಚಿತೆ ಹೊಗೆಯಾಡದೆ ಉರಿಯಿತು.

ಸಾಹೇಬರಿಗೆ ಬರೆಯಲು ಕುಳಿತಾಗ ಮೊದಲ ತೊಡಕು ಆರಂಭದಲ್ಲಿಯೇ ಎದುರಾಯಿತು. ನಮ್ಮ ಪತ್ರಗಳೆಲ್ಲ ‘ಇತ್ತ ನಾವೆಲ್ಲರೂ ಕ್ಷೇಮ’ ಎಂಬುದರಿಂದ ತೊಡಗುವಂಥವು. ಮನೆಯ ಯಜಮಾನ ಇಲ್ಲವಾದ ತಿಂಗಳಲ್ಲಿ ಆ ವಾಕ್ಯಕ್ಕೆ ಲೇಖನಿ ಏಳುವುದಿಲ್ಲ. ಹೊಗಳಿಕೆಯಿಂದ ತೊಡಗಿದರೆ ಕೃತಕವಾಗುತ್ತದೆ. ಕಡೆಗೆ ಅವರು ಮಾಡಿದ ಕೆಲಸದಿಂದಲೇ ನೇರವಾಗಿ ಆರಂಭಿಸಿದೆ. ಆ ಪತ್ರದ ಕರಡು ನನ್ನಲ್ಲಿ ಉಳಿದಿದೆ:

‘ಮಾನ್ಯ ಸಾಹೇಬರಿಗೆ ನಮಸ್ಕಾರಗಳು. ನಮ್ಮ ತಂದೆಯವರ ಚಿತೆಗೆ ತಾವು ಕಳುಹಿಸಿದ ಸೌದೆ ತಮ್ಮ ಮನೆಯ ಮಳೆಗಾಲದ ಸೌದೆಯೆಂದು ನನಗೆ ಈಗ ತಿಳಿಯಿತು. ಅದು ಒಣಗಿದ್ದುದರಿಂದ ಅಂದಿನ ಮಳೆಯಲ್ಲಿಯೂ ಕಾರ್ಯ ನಿರ್ವಿಘ್ನವಾಗಿ ನಡೆಯಿತು. ಸಂಜೆಯ ಹೊತ್ತಿಗೆ ನಾನು ನಿಶ್ಚಿಂತನಾಗಿ ತಾಯಿಯವರ ಬಳಿಗೆ ಮರಳಿ, ಎಲ್ಲವೂ ಸರಿಯಾಗಿ ಆಯಿತೆಂದು ಹೇಳಲು ಸಾಧ್ಯವಾಯಿತು. ಹಾಗೆ ಹೇಳಲು ಆಗದೆ ಹೋಗಿದ್ದರೆ ಅವರು ಆ ರಾತ್ರಿಯನ್ನು ಹೇಗೆ ಕಳೆಯುತ್ತಿದ್ದರೋ ತಿಳಿಯದು. ಇದನ್ನು ತಮಗೆ ತಿಳಿಸಬೇಕೆಂದು ತಾಯಿಯವರೂ ಹೇಳಿದ್ದಾರೆ.’

ಇಷ್ಟೇ. ಕಾಣಿಕೆಯನ್ನೇನೂ ಜೊತೆಗೆ ಕಳುಹಿಸಲಿಲ್ಲ. ಕಳುಹಿಸಿದ್ದರೆ ಅವರು ಒಂದು ರೂಪಾಯಿಗೆ ನಿಲ್ಲಿಸಿದ್ದ ಬೆಲೆಯನ್ನು ನಾನು ಹಿಂಬಾಗಿಲಿನಿಂದ ಏರಿಸಿದಂತಾಗುತ್ತಿತ್ತು. ‘ತಮ್ಮ ಕಷ್ಟಕಾಲದಲ್ಲಿ ನಾವೂ ಒದಗುತ್ತೇವೆ’ ಎಂಬ ಮಾತನ್ನೂ ಬರೆಯಲಿಲ್ಲ. ಶುಭವನ್ನು ಹಾರೈಸಬೇಕಾದ ಕಡೆ ಅವರ ಮನೆಯ ಕಷ್ಟವನ್ನು ಊಹಿಸುವುದು ಸೌಜನ್ಯವಲ್ಲ. ಮಾಡಿದುದು ಏನು, ಅದರಿಂದ ನಮಗೆ ಉಳಿದುದು ಏನು, ಈ ಎರಡನ್ನು ಹೇಳಿದರೆ ಕಾಗದ ಪೂರ್ಣವಾಗುತ್ತದೆಂದು ಆ ದಿನ ನನಗೆ ತೋರಿತು. ಮುಂದಿನವುಗಳನ್ನೆಲ್ಲ ಅದೇ ಕ್ರಮದಲ್ಲಿ ಬರೆದೆ.

ಇನ್ನು ಅನ್ನದ ಸಂಗತಿ. ನಮ್ಮಲ್ಲಿ ಸಾವಾದ ದಿನ ಒಲೆ ಹೊತ್ತಿಸುವುದಿಲ್ಲ. ಅನಂತರವೂ ದಾಯಾದಿಗಳಾದ ನಮಗೆಲ್ಲ ಹತ್ತು ದಿನಗಳ ಸೂತಕ; ಮದುವೆಯಾಗಿ ಬೇರೆ ಗೋತ್ರಕ್ಕೆ ಹೋದ ನನ್ನ ತಂಗಿಗೆ ಮೂರೇ ದಿನ; ಸೋದರಮಾವನ ಮನೆಯವರಿಗೂ ನೆರೆಯವರಿಗೂ ಅದು ಇಲ್ಲ. ಚಿಕ್ಕಂದಿನಲ್ಲಿ ಈ ಭೇದಗಳನ್ನು ಕೇಳಿದಾಗ ನನಗೆ ಕೇವಲ ಮಡಿಮೈಲಿಗೆಯ ಲೆಕ್ಕವೆಂದು ತೋರುತ್ತಿತ್ತು. ಆ ಮನೆಯೊಳಗೆ ಕುಳಿತು ನೋಡಿದಾಗ ಅದರ ಇನ್ನೊಂದು ಪ್ರಯೋಜನ ಗೋಚರವಾಯಿತು. ಯಾರ ಎದೆ ಒಡೆದಿದೆಯೋ ಅವರನ್ನು ಆಚಾರವೇ ಕೆಲಸದಿಂದ ಬಿಡಿಸಿ ಕೂರಿಸುತ್ತದೆ. ಅಡುಗೆಮನೆಯ ಭಾರವನ್ನು ಹೆಣ್ಣು ಕೊಟ್ಟವರ ಕಡೆಯವರೂ ಬೀದಿಯವರೂ ಹೊರುವಂತೆ ಮಾಡುತ್ತದೆ. ಮೊದಲ ಮೂರು ದಿನ ನೆರೆಯ ಮನೆಗಳಿಂದ ಅನ್ನ ಬಂದಿತು. ನಾಲ್ಕನೆಯ ದಿನ ಸ್ನಾನ ಮಾಡಿ ಶುದ್ಧಳಾದ ನನ್ನ ತಂಗಿ ಸೋದರತ್ತೆಯವರೊಡನೆ ಒಲೆಯ ಮುಂದೆ ಕುಳಿತಳು. ಚಿಕ್ಕಪ್ಪನವರ ಪುಸ್ತಕದಲ್ಲಿ ಅಕ್ಕಿಯ ಖರ್ಚು ನಾಲ್ಕನೆಯ ದಿನದಿಂದ ತೊಡಗುವುದಕ್ಕೆ ಇದೇ ಕಾರಣ.

ಆದರೆ ಆ ಮೂರು ದಿನಗಳ ಅನ್ನ ಯಾವ ಯಾವ ಮನೆಯಿಂದ ಬಂದಿತು? ಅಮ್ಮನಿಗೆ ತಿಳಿಯದು, ನನಗೆ ತಿಳಿಯದು. ತಂದಿಟ್ಟವರು ಹಿತ್ತಿಲ ಬಾಗಿಲಿನಲ್ಲಿ ಇಟ್ಟು ಹೇಳದೆ ಹೋಗಿದ್ದರು. ಅದನ್ನು ಪಾತ್ರೆಗಳೇ ಹೇಳಿದವು. ನಮ್ಮ ಕಡೆಯ ಹೆಂಗಸರು ಪಾತ್ರೆಯನ್ನು ಕೊಂಡಾಗ ಅಂಗಡಿಯಲ್ಲಿಯೇ ಅದರ ಕಂಠದ ಕೆಳಗೆ ಚುಕ್ಕಿಚುಕ್ಕಿಯಾಗಿ ಹೆಸರು ಬರೆಸುವುದುಂಟಷ್ಟೆ. ಹದಿಮೂರನೆಯ ದಿನ ಕಳೆದ ಮೇಲೆ, ತೊಳೆದು ಜಗುಲಿಯಲ್ಲಿ ಬೋರಲು ಹಾಕಿದ್ದ ಪರಕೀಯ ಪಾತ್ರೆಗಳನ್ನು ಅಮ್ಮ ಒಂದೊಂದಾಗಿ ಎತ್ತಿ ಬೆಳಕಿಗೆ ಹಿಡಿದರು. ಕೆಲವುದರಲ್ಲಿ ಕನ್ನಡ ಅಕ್ಷರ, ಕೆಲವುದರಲ್ಲಿ ತಮಿಳು, ಒಂದರಲ್ಲಿ ತೆಲುಗು. ಕಾರ್ಖಾನೆಯು ನಾಲ್ಕು ದಿಕ್ಕುಗಳಿಂದ ಜನರನ್ನು ಕರೆತಂದ ಊರು ಅದು. ನಮ್ಮ ಮನೆಯ ಜಗುಲಿಯ ಮೇಲೆ ಆ ದಿನ ಆ ಊರು ಇದ್ದಿತು. ತಮಿಳು ಅಕ್ಷರಗಳನ್ನು ಓದಿಸಲು ಎದುರುಮನೆಯ ಅಜ್ಜಿಯನ್ನು ಕರೆತಂದೆವು. ಅವರು ತಮ್ಮದೇ ಪಾತ್ರೆಯನ್ನು ಕೈಯಲ್ಲಿ ಹಿಡಿದು, ತಮ್ಮ ಹೆಸರನ್ನು ಓದಲು ಒಲ್ಲದೆ, ‘ಇದು ಗೊತ್ತಿಲ್ಲಮ್ಮ’ ಎಂದು ಪಕ್ಕಕ್ಕಿಟ್ಟರು. ಅಮ್ಮನಿಗೆ ಅರ್ಥವಾಯಿತು.

ಯಾರ ಮನೆಯಿಂದಾದರೂ ತಿಂಡಿ ಬಂದ ಪಾತ್ರೆಯನ್ನು ಬರಿದಾಗಿ ಹಿಂದಿರುಗಿಸಬಾರದೆಂಬುದು ನಮ್ಮ ವಾಡಿಕೆ; ಒಂದು ಚಮಚ ಸಕ್ಕರೆಯನ್ನಾದರೂ ಹಾಕಿ ಕಳುಹಿಸುತ್ತೇವೆ. ಸಾವಿನ ಮನೆಯಿಂದ ಹೋಗುವ ಪಾತ್ರೆ ಮಾತ್ರ ಬರಿದಾಗಿಯೇ ಹೋಗಬೇಕು. ಈ ಎರಡು ವಾಡಿಕೆಗಳ ನಡುವೆ ಅಮ್ಮ ತಮ್ಮದೇ ಒಂದು ದಾರಿಯನ್ನು ಕಂಡುಕೊಂಡರು. ಹಿತ್ತಾಳೆಯ ಪಾತ್ರೆಗಳಲ್ಲಿ ಕಲಾಯಿ ಹೋಗಿದ್ದುದನ್ನೆಲ್ಲ ಬೇರೆಯಾಗಿರಿಸಿ, ಬೀದಿಗೆ ಬಂದ ಕಲಾಯಿಯವನಿಂದ ಹೊಸದಾಗಿ ಕಲಾಯಿ ಹಾಕಿಸಿ, ಬೆಳ್ಳಗೆ ಹೊಳೆಯುವಂತೆ ಮಾಡಿ, ಬರಿದಾಗಿಯೇ ಕಳುಹಿಸಿದರು. ಪ್ರತಿ ಪಾತ್ರೆಯ ಒಳಗೆ ನನ್ನ ಕಾಗದವಿರಬೇಕೆಂದು ನಾನು ಬಯಸಿದ್ದೆ; ಕಾಗದವೂ ಒಂದು ತುಂಬುವಿಕೆಯೇ ಎಂದು ಅವರು ಬೇಡವೆಂದರು. ಆದುದರಿಂದ ಪಾತ್ರೆಗಳು ಮೊದಲು ಹೋದವು, ಕಾಗದಗಳು ಒಂದೆರಡು ದಿನ ತಡೆದು ಹಿಂದೆ ಹೋದವು. ಆ ಕಾಗದಗಳಲ್ಲಿ ಇಂಥ ದಿನ ಇಂಥ ಹೊತ್ತಿನಲ್ಲಿ ತಮ್ಮ ಮನೆಯ ಸಾರನ್ನ ಬಂದುದರಿಂದ ಮಕ್ಕಳು ಉಂಡು ಮಲಗಿದವೆಂದು ಬರೆದೆ. ಒಗ್ಗರಣೆಯಿಲ್ಲದ ಸಪ್ಪೆಯ ಸಾರನ್ನು, ನಮ್ಮ ಮನೆಯ ನಿಯಮವನ್ನು ಯಾರಿಂದಲೋ ಕೇಳಿ ತಿಳಿದು, ಹಾಗೆಯೇ ಮಾಡಿ ಕಳುಹಿಸಿದ್ದ ತೆಲುಗಿನ ಮನೆಯವರಿಗೆ, ಆ ವಿಚಾರವನ್ನು ಪ್ರತ್ಯೇಕವಾಗಿ ಎತ್ತಿ ಬರೆದೆ.

ಶಿವಮೊಗ್ಗದ ಸಹೋದ್ಯೋಗಿಗಳ ವಿಷಯ. ನನ್ನ ತರಗತಿಗಳನ್ನು ಅವರು ಹಂಚಿಕೊಂಡು ನಡೆಸಿದರು, ಅದು ಎಲ್ಲ ಕಡೆಯೂ ನಡೆಯುವಂಥದೇ. ಆದರೆ ಕಾಲೇಜಿನ ಹೆಡ್ ಕ್ಲಾರ್ಕರು ಮಾಡಿದ ಒಂದು ಕೆಲಸ ಯಾರಿಗೂ ಹೊಳೆಯುವಂಥದಲ್ಲ. ಮರಣವನ್ನು ಪುರಸಭೆಯಲ್ಲಿ ನೋಂದಾಯಿಸಬೇಕಷ್ಟೆ. 1969ರ ಕಾಯಿದೆಯ ಮೇರೆಗೆ ಅದಕ್ಕೆ ಗೊತ್ತಾದ ಅವಧಿಯೊಂದಿತ್ತು, ತಡವಾದರೆ ದಂಡ, ವರ್ಷ ಮೀರಿದರೆ ಮ್ಯಾಜಿಸ್ಟ್ರೇಟರ ಆಜ್ಞೆಯೇ ಬೇಕಾಗಿತ್ತು. ಸೂತಕ ಕಳೆದು, ಸಮಾರಾಧನೆ ಮುಗಿದು, ಮನೆಯವರು ತಲೆಯೆತ್ತುವ ವೇಳೆಗೆ ಆ ಅವಧಿ ಕೈಮೀರಿ ಹೋಗಬಹುದಾಗಿತ್ತು. ಹೆಡ್ ಕ್ಲಾರ್ಕರು ಅಷ್ಟಕ್ಕೆ ಕಾಯದೆ, ಮಾತನಾಡಿಸಲು ಬಂದ ದಿನವೇ ಚಿಕ್ಕಪ್ಪನವರನ್ನು ಮೆಲ್ಲನೆ ಪಕ್ಕಕ್ಕೆ ಕರೆದು, ತಂದೆಯವರ ನಿವೃತ್ತಿಯ ಕಾಗದಗಳನ್ನು ತರಿಸಿ ನೋಡಿದರು. ಕಾರ್ಖಾನೆಯ ದಾಖಲೆಯಲ್ಲಿ ತಂದೆಯವರ ಹೆಸರಿನ ಹಿಂದೆ ಹುಟ್ಟೂರಿನ ಅಕ್ಷರವೊಂದು ಇತ್ತು. ಮನೆಯಲ್ಲಿಯೂ ಬೀದಿಯಲ್ಲಿಯೂ ಅದನ್ನು ಯಾರೂ ಬಳಸುತ್ತಿರಲಿಲ್ಲ. ರೂಢಿಯ ಹೆಸರಿನಲ್ಲಿಯೇ ಮರಣವನ್ನು ಬರೆಸಿದ್ದರೆ, ಮುಂದೆ ಅಮ್ಮನಿಗೆ ಬರಬೇಕಾದ ಹಣಕ್ಕಾಗಿ ಇಬ್ಬರೂ ಒಬ್ಬರೇ ಎಂದು ಪ್ರಮಾಣಪತ್ರಗಳನ್ನು ಹಿಡಿದು ಕಛೇರಿಗಳಿಗೆ ಅಲೆಯಬೇಕಾಗುತ್ತಿತ್ತು. ಅವರು ದಾಖಲೆಯ ಹೆಸರನ್ನೇ ಅಕ್ಷರಶಃ ಒಂದು ಚೀಟಿಯಲ್ಲಿ ಬರೆದುಕೊಟ್ಟು, ‘ಪುರಸಭೆಯಲ್ಲಿ ಹೀಗೆಯೇ ಬರೆಸಿ’ ಎಂದರು. ಸಂತಾಪದ ಒಂದು ಮಾತನ್ನೂ ಅವರು ನನ್ನೊಡನೆ ಆಡಿದ ನೆನಪಿಲ್ಲ. ಅಮ್ಮ ಮುಂದಿನ ವರ್ಷಗಳಲ್ಲಿ ಯಾರ ಮುಂದೆಯೂ ಕೈಚಾಚದೆ ಬಾಳಿದುದಕ್ಕೆ ಆ ಚೀಟಿಯೂ ಒಂದು ಕಾರಣ. ಅವರಿಗೆ ನಾನು ಬರೆದ ಕಾಗದವು ಉಳಿದೆಲ್ಲವುಗಳಿಗಿಂತ ದೀರ್ಘವಾಯಿತು.

ಅಸ್ಥಿಯನ್ನು ಕೂಡಲಿಗೆ ಒಯ್ಯಲು ಜೊತೆಯಾದವರು ಗಣಿತದ ಅಧ್ಯಾಪಕರು. ಅಸ್ಥಿಯ ಕುಡಿಕೆಯನ್ನು ಮನೆಯೊಳಕ್ಕೆ ತರುವಂತಿಲ್ಲವಾದ್ದರಿಂದ ಅದನ್ನು ಮರಕ್ಕೆ ತೂಗುಹಾಕಿದ್ದೆವು. ಹೊಳೆಹೊನ್ನೂರಿನ ಮೇಲೆ ಹಾದು ಕೂಡಲಿಯನ್ನು ತಲುಪಿದಾಗ ಸಂಗಮವು ಭಯಂಕರವಾಗಿತ್ತು. ಲಕ್ಕವಳ್ಳಿಯ ಅಣೆಕಟ್ಟು ಭದ್ರೆಯನ್ನು ಹಿಡಿದು ನಿಲ್ಲಿಸುವುದರಿಂದ ಆಷಾಢದ ಮಳೆಗೆ ಮೊದಲು ಉಕ್ಕುವವಳು ತುಂಗೆ. ಒಂದು ಕಡೆಯಿಂದ ಕೆಂಪು ನೀರು ರಭಸದಿಂದ ನುಗ್ಗಿ, ಇನ್ನೊಂದು ಕಡೆಯ ನೀರನ್ನು ಹಿಂದಕ್ಕೆ ಒತ್ತುತ್ತಿತ್ತು, ಮೆಟ್ಟಿಲುಗಳು ಮುಳುಗಿದ್ದವು. ನನಗೆ ಸಂಗಮದ ಮೂಗಿನ ತನಕ ಇಳಿಯಬೇಕೆಂಬ ಹಟ. ನನ್ನ ಮಿತ್ರರು ವಾದಿಸಲಿಲ್ಲ. ಅಲ್ಲಿಯ ಅಂಬಿಗರೊಬ್ಬರನ್ನು ಕರೆದು, ಎಲ್ಲಿ ನಿಂತರೆ ಕಾಲ ಕೆಳಗೆ ಕಲ್ಲಿದೆಯೆಂದು ಕೇಳಿ, ಅಂಬಿಗರ ಒಂದು ಕೈಯನ್ನು ನನ್ನ ಸೊಂಟದ ಪಂಚೆಗೆ ಕೊಟ್ಟು, ಇನ್ನೊಂದು ಕಡೆಯಿಂದ ತಾವು ಹಿಡಿದು, ಮೊಣಕಾಲಿನ ನೀರಿನಲ್ಲಿ ನನ್ನನ್ನು ನಿಲ್ಲಿಸಿದರು. ತಮಗೆ ಈಜು ಬಾರದೆಂದು ಅವರು ದಡಕ್ಕೆ ಬಂದ ಮೇಲೆ ಹೇಳಿದರು.

ಪಟ್ಟಿಯಲ್ಲಿದ್ದರೂ ಕಾಗದ ಬರೆಯದೆ ಬಿಟ್ಟವರು ಕೆಲವರುಂಟು. ಹೆಗಲು ಕೊಟ್ಟ ನಾಲ್ವರ ಹೆಸರುಗಳನ್ನು ನಾನು ಬರೆದಿಟ್ಟುಕೊಂಡಿದ್ದುದನ್ನು ಕಂಡು ಚಿಕ್ಕಪ್ಪನವರು, ‘ಇವರಿಗೆ ಬರೆಯಬೇಡ. ಅವರ ಮನೆಯಲ್ಲಿ ಹೆಗಲು ಬೇಕಾದ ದಿನ ನೀನು ಊರಲ್ಲಿರು’ ಎಂದರು. ಅವರ ಮಾತನ್ನು ನಡೆಸಿದ್ದೇನೆ; ಶಿವಮೊಗ್ಗದಿಂದ ಸುದ್ದಿ ಕೇಳಿದ ಗಳಿಗೆಯಲ್ಲಿಯೇ ಹೊರಟು ಆ ಮನೆಗಳ ಮಣ್ಣಿಗೆ ಹೋಗಿದ್ದೇನೆ. ಓದು ಬಾರದವರ ಬಳಿಗೆ, ಎಂದರೆ ಚಿತೆಯನ್ನು ರಾತ್ರಿಯೆಲ್ಲ ಕಾದವರ, ಪಾತ್ರೆ ಬೆಳಗಿದಾಕೆಯ ಬಳಿಗೆ, ನಾನೇ ಹೋದೆ. ಬರೆದ ಕಾಗದವನ್ನು ಇನ್ನೊಬ್ಬರಿಂದ ಓದಿಸಿಕೊಳ್ಳುವಂತೆ ಮಾಡುವುದು ಗೌರವವಲ್ಲವೆಂದು ತೋರಿತು. ಕಾಗದಕ್ಕೆ ಇಷ್ಟು ಮಿತಿಯಿದೆ. ಬಹಳ ಹತ್ತಿರದ ಬಂಧುಗಳಿಗೂ ಅದು ಹಿತವಾಗುವುದಿಲ್ಲ. ಸೋದರಮಾವನವರಿಗೆ ಬರೆದಾಗ ಅವರು ಮುನಿಸಿಕೊಂಡು, ‘ನನ್ನನ್ನು ಯಾವಾಗ ಹೊರಗಿನವನನ್ನಾಗಿ ಮಾಡಿದೆಯಪ್ಪ?’ ಎಂದು ಉತ್ತರ ಬರೆದರು. ಆದರೆ ಅತ್ತೆಯವರು ಆ ಕಾಗದವನ್ನು ಪೆಟ್ಟಿಗೆಯಲ್ಲಿ ಇಟ್ಟುಕೊಂಡಿದ್ದರು; ಹತ್ತು ದಿನಗಳ ಕಾಲ ಅವರು ನಮ್ಮ ಅಡುಗೆಮನೆಯ ಹೊಗೆಯಲ್ಲಿ ಕುಳಿತಿದ್ದುದು ಅದರಲ್ಲಿತ್ತು, ಮತ್ತೆಲ್ಲಿಯೂ ಇರಲಿಲ್ಲ.

ಕಾಗದಗಳೆಲ್ಲ ಮುಗಿಯುವ ಹೊತ್ತಿಗೆ ಮಳೆಗಾಲವೂ ಮುಗಿದಿತ್ತು. ಜಗುಲಿಯಲ್ಲಿ ಒಂದು ಪಾತ್ರೆ ಉಳಿಯಿತು. ಸುಮಾರು ಎರಡು ಸೇರು ಹಿಡಿಯುವ ಹಿತ್ತಾಳೆಯ ತಪ್ಪಲೆ. ಕಂಠದ ಕೆಳಗೆ ‘ಪ. ಲ.’ ಎಂಬ ಎರಡು ಕನ್ನಡ ಅಕ್ಷರಗಳೂ, ಅವುಗಳ ಪಕ್ಕದಲ್ಲಿ ಐದು ಎಸಳಿನ ಒಂದು ಸಣ್ಣ ಹೂವೂ ಇವೆ. ಒಂದು ಪಕ್ಕ ಸ್ವಲ್ಪ ತಗ್ಗಿದೆ. ಹಳೇನಗರದಲ್ಲಿಯೂ ನ್ಯೂಟೌನಿನಲ್ಲಿಯೂ ಜನ್ನಾಪುರದಲ್ಲಿಯೂ ವಿಚಾರಿಸಿದೆವು, ಯಾರೂ ತಮ್ಮದೆನ್ನಲಿಲ್ಲ. ಎದುರುಮನೆಯ ಅಜ್ಜಿಯಂತೆ ಗೊತ್ತಿದ್ದೂ ಒಲ್ಲೆನೆಂದವರೋ, ವರ್ಗವಾಗಿ ಊರು ಬಿಟ್ಟವರೋ ತಿಳಿಯಲಿಲ್ಲ. ಎರಡನೆಯ ದಿನದ ರಾತ್ರಿ ಅದರ ತುಂಬ ಬಿಸಿ ಅನ್ನವೂ ಮೇಲೊಂದು ಬಟ್ಟಲಿನಲ್ಲಿ ಮಜ್ಜಿಗೆಯೂ ಬಂದಿತ್ತೆಂದು ತಂಗಿ ಹೇಳುತ್ತಾಳೆ. ಅಂದು ಬೆಳಗಿನಿಂದ ಏನನ್ನೂ ಮುಟ್ಟದಿದ್ದ ಅಮ್ಮ ಉಂಡದ್ದು ಆ ಅನ್ನವನ್ನು. ಇದನ್ನು ಕಳುಹಿಸಿದವರಿಗೆ ನಾನು ಬರೆಯಬೇಕಾಗಿದ್ದ ಕಾಗದ ಇದೇ. ತಪ್ಪಲೆಯನ್ನು ಕಾಲಕಾಲಕ್ಕೆ ಕಲಾಯಿ ಹಾಕಿಸಿ ಶಿವಮೊಗ್ಗದ ನಮ್ಮ ಮನೆಯಲ್ಲಿ ಇಟ್ಟಿದ್ದೇವೆ. ಅವರಾಗಲಿ, ಅವರ ಮಕ್ಕಳಾಗಲಿ ಬಂದು ಗುರುತು ಹೇಳಿದ ದಿನ ಒಪ್ಪಿಸುತ್ತೇವೆ.